ಅಜ್ಜಿಗೆ ಊಟ ಸೇರುತ್ತಿಲ್ಲವೇ? ಮಾತ್ರೆಯ ಚೀಟಿ ನೋಡಿ

ಎಪ್ಪತ್ತೆಂಟರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ತೂಕ 45 ಕಿಲೋ. ಹೃದಯ ದುರ್ಬಲ, ಬಡಿತವೂ ಏರುಪೇರು. ಅದಕ್ಕೆ ದಿನಕ್ಕೊಂದು ಡಿಗಾಕ್ಸಿನ್, ಕಾಲಿನ ಬಾವಿಗೆ ಲ್ಯಾಸಿಕ್ಸ್, ಅಂದರೆ ನೀರಿನ ಮಾತ್ರೆ. ನಾಲ್ಕು ದಿನ ಭೇದಿಯಾಗುತ್ತದೆ. ಎರಡೂ ಮಾತ್ರೆ ತಪ್ಪದೆ ನಡೆಯುತ್ತವೆ. ಆಮೇಲೆ ಅಜ್ಜಿ ಊಟ ಬೇಡ ಎನ್ನುತ್ತಾರೆ, ವಾಕರಿಕೆ, ದಿನವಿಡೀ ಮಂಪರು. ಮನೆಯವರು ಗ್ಯಾಸ್ಟ್ರಿಕ್ ಎಂದುಕೊಂಡು ಅದರ ಮಾತ್ರೆ ಕೊಡುತ್ತಾರೆ.

ಡಿಗಾಕ್ಸಿನ್ ಮೈಯಿಂದ ಹೊರಹೋಗುವುದು ಬಹುಪಾಲು ಕಿಡ್ನಿಯ ಮೂಲಕ. ಮೈಯಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಆರೋಗ್ಯವಂತರಿಗೆ ಒಂದೂವರೆ-ಎರಡು ದಿನ ಸಾಕು. ಕಿಡ್ನಿ ತೀರಾ ಸೋತವರಿಗೆ ನಾಲ್ಕೈದು ದಿನವೂ ಬೇಕಾಗಬಹುದು. ಅಷ್ಟರಲ್ಲಿ ದಿನದ ಮಾತ್ರೆಗಳು ಒಂದರ ಮೇಲೊಂದು ಸೇರುತ್ತಲೇ ಇರುತ್ತವೆ. ಈ ಅಜ್ಜಿಯ ರಕ್ತದಲ್ಲಿ ಕ್ರಿಯಾಟಿನಿನ್ 1.2 ಇದ್ದರೆ ಲ್ಯಾಬ್ ವರದಿ ನೋಡಿದವರಿಗೆ ಅಂಥ ದೋಷವೇನೂ ಕಾಣದು. ಆದರೆ ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಶೋಧಿಸುವ ವೇಗ ನಿಮಿಷಕ್ಕೆ ಸುಮಾರು 27 ಮಿಲಿಲೀಟರ್ ಮಾತ್ರ. ಮಾಂಸಖಂಡ ಕರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಆದ್ದರಿಂದ ಆ ಅಂಕಿಯೊಂದನ್ನೇ ನಂಬುವಂತಿಲ್ಲ.

ನೀರಿನ ಮಾತ್ರೆ ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಕಳೆಯುತ್ತದೆ. ಭೇದಿ ಇನ್ನಷ್ಟು ಕಳೆಯುತ್ತದೆ. ಹೃದಯದ ಜೀವಕೋಶಗಳಲ್ಲಿ ಡಿಗಾಕ್ಸಿನ್ ಕೂರುವ ಜಾಗಕ್ಕೆ ಪೊಟ್ಯಾಸಿಯಂ ಸಹ ಪೈಪೋಟಿ ನಡೆಸುತ್ತದೆ. ಅದು ಕಡಿಮೆಯಾದರೆ ಔಷಧಿಯ ಹಿಡಿತ ಬಿಗಿಯಾಗುತ್ತದೆ. ಹೀಗಾಗಿಯೇ ರಕ್ತದಲ್ಲಿ ಡಿಗಾಕ್ಸಿನ್ ಮಿತಿಯೊಳಗಿದ್ದಾಗಲೂ ವಿಷಪರಿಣಾಮ ಕಾಣಿಸಿಕೊಳ್ಳಬಹುದು.

ಹಸಿವು ಹೋಗುವುದು, ವಾಕರಿಕೆ, ನಿತ್ರಾಣ ಸಾಮಾನ್ಯವಾಗಿ ಮೊದಲಿಗೆ ಬರುತ್ತವೆ. ವೃದ್ಧರಲ್ಲಿ ಗೊಂದಲವೇ ಮುಖ್ಯ ಲಕ್ಷಣವಾಗಿರಬಹುದು. ನಿನ್ನೆವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಮೊಮ್ಮಗನ ಹೆಸರು ಮರೆತರೆ ಅದನ್ನು ಮುಪ್ಪಿನ ತಲೆಗೆ ಕಟ್ಟಿಬಿಡುತ್ತೇವೆ. ಕಣ್ಣು ಮಂಜಾಗುವುದು, ಎಲ್ಲವೂ ಹಳದಿ-ಹಸಿರಾಗಿ ಕಾಣುವುದನ್ನು 1785ರಲ್ಲೇ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಬರೆದಿಟ್ಟಿದ್ದರು. ಆದರೆ ಹಳದಿ ಕಾಣಲೆಂದು ಕಾಯಬೇಡಿ. ಎಷ್ಟೋ ಜನರಿಗೆ ಅದು ಕಾಣಿಸುವುದೇ ಇಲ್ಲ. ಅಪಾಯವಿರುವುದು ಹೃದಯದ ಲಯದಲ್ಲಿ: ನಾಡಿ 60ಕ್ಕಿಂತ ಕೆಳಗಿಳಿಯಬಹುದು, ನಡುನಡುವೆ ತಪ್ಪಬಹುದು, ಕೆಲವೊಮ್ಮೆ ವಿಪರೀತ ಓಡಲೂಬಹುದು.

ಆಸ್ಪತ್ರೆಯಲ್ಲಿ ಇಸಿಜಿ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಡಿಗಾಕ್ಸಿನ್ ಮಟ್ಟ ನೋಡುತ್ತಾರೆ. ಮಾತ್ರೆ ನುಂಗಿ ಆರು ಗಂಟೆಯಾದರೂ ಕಳೆದ ಮೇಲೆ ತೆಗೆದ ರಕ್ತದ ಮಟ್ಟವೇ ನಂಬಲರ್ಹ, ಆದ್ದರಿಂದ ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನು ಹೇಳಿ. ಪೊಟ್ಯಾಸಿಯಂ ಕಡಿಮೆಯಾಗಿದೆಯೆಂದು ನೀವೇ ಎಳನೀರು ಕುಡಿಸಲು ಹೋಗಬೇಡಿ. ಸೋತ ಕಿಡ್ನಿಯಲ್ಲಿ ಅದು ಅಪಾಯಕಾರಿಯಾಗಿ ಏರಲೂಬಹುದು.

ಡಿಗಾಕ್ಸಿನ್ ತೆಗೆದುಕೊಳ್ಳುವ ಹಿರಿಯರಿಗೆ ವಾಂತಿ-ಭೇದಿಯಾದರೆ, ಊಟ ಬಿಟ್ಟರೆ, ಮಾತು ತಡವರಿಸಿದರೆ, ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ. ತಲೆಸುತ್ತಿ ಬಿದ್ದರೆ ಅಥವಾ ನಾಡಿ ತೀರಾ ನಿಧಾನವಾದರೆ, ಮಾತ್ರೆಗಳೆಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.