ಷರತ್ತು ಪರಿಶೀಲಿಸದ ಉತ್ತರ ಸಾಧನೆಯಲ್ಲ

ಬಿಎಸ್ಸಿ ಗಣಿತದಲ್ಲಿ ‘ಈ ಶ್ರೇಣಿ ಕನ್ವರ್ಜ್ ಆಗುತ್ತದೆಂದು ಸಾಧಿಸಿ’ ಎಂಬ ಪ್ರಶ್ನೆ ಮಾಮೂಲು. ಪದಗಳನ್ನು ಕೂಡುತ್ತಾ ಹೋದಂತೆ ಮೊತ್ತವು ಒಂದು ನಿರ್ದಿಷ್ಟ ಸಂಖ್ಯೆಗೆ ಬೇಕಾದಷ್ಟು ಹತ್ತಿರವಾಗಿ ಅಲ್ಲೇ ಉಳಿಯುತ್ತದೆಂದು ತೋರಿಸಬೇಕು. ಬಹಳಷ್ಟು ವಿದ್ಯಾರ್ಥಿಗಳು ‘ಲೈಬ್ನಿಟ್ಸ್ ಟೆಸ್ಟ್ ಪ್ರಕಾರ ಕನ್ವರ್ಜ್ ಆಗುತ್ತದೆ’ ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಅದು ಟೆಸ್ಟಿನ ಹೆಸರಷ್ಟೇ, ಸಾಧನೆಯಲ್ಲ.

ಕೂಡು, ಕಳೆ ಚಿಹ್ನೆಗಳು ಒಂದಾದ ಮೇಲೊಂದು ಬರುವ ಶ್ರೇಣಿಗೆ ಲೈಬ್ನಿಟ್ಸ್ ಟೆಸ್ಟ್ ಇದೆ. ಚಿಹ್ನೆ ಬಿಟ್ಟು ಉಳಿದ ಭಾಗವನ್ನು aₙ ಎನ್ನೋಣ. ಅದು ಧನವಾಗಿರಬೇಕು, ಏರದೆ ಇಳಿಯುತ್ತಾ ಹೋಗಬೇಕು, ಕೊನೆಗೆ ಸೊನ್ನೆಯತ್ತ ಸಾಗಬೇಕು. ಈ ಮೂರು ಷರತ್ತುಗಳನ್ನು ಮೊದಲು ಬರೆಯಿರಿ, ಆಮೇಲೆ ಒಂದೊಂದನ್ನೂ ಪರಿಶೀಲಿಸಿ.

Σ(−1)ⁿ (log n)/n ಎಂಬ ಶ್ರೇಣಿಗೆ ಮಾದರಿ ಉತ್ತರ ಹೀಗಿರಲಿ:

‘aₙ = (log n)/n ಆಗಿರಲಿ. n ≥ 2 ಆದಾಗ aₙ > 0. f(x) = (log x)/x ಎಂದರೆ f′(x) = (1 − log x)/x². x > e ಆದಾಗ ಇದು ಋಣ. ಆದ್ದರಿಂದ n ≥ 3ರಿಂದ aₙ ಇಳಿಯುತ್ತದೆ. ಲೋಪಿತಾಲ್ ನಿಯಮದಂತೆ lim (log x)/x = lim 1/x = 0, ಆದ್ದರಿಂದ aₙ → 0. ಮೂರೂ ಷರತ್ತುಗಳು n ≥ 3ಕ್ಕೆ ನಿಜವಾದ್ದರಿಂದ ಅಲ್ಲಿಂದ ಮುಂದಿನ ಶ್ರೇಣಿ ಕನ್ವರ್ಜ್ ಆಗುತ್ತದೆ. ಆರಂಭದ ಕೆಲವು ಪದಗಳನ್ನು ಸೇರಿಸಿದರೂ ಇದು ಬದಲಾಗದು.’

ಇಲ್ಲಿ ‘n ≥ 3’ ಎಂಬುದನ್ನು ಬಿಡುವಂತಿಲ್ಲ. a₂ ಸುಮಾರು 0.347, a₃ ಸುಮಾರು 0.366. ಅಂದರೆ ಮೊದಲು ಏರಿಯೇ ಆಮೇಲೆ ಇಳಿಯುತ್ತದೆ. ‘aₙ ಇಳಿಯುತ್ತದೆ’ ಎಂದು ಸುಮ್ಮನೆ ಬರೆದರೆ ಆ ವಾಕ್ಯವೇ ತಪ್ಪು.

ಇಳಿಕೆಯ ಷರತ್ತನ್ನು ಪರಿಶೀಲಿಸದಿದ್ದರೆ ಉತ್ತರವೇ ತಲೆಕೆಳಗಾಗಬಹುದು. aₙ = 1/√n + (−1)ⁿ/n ತೆಗೆದುಕೊಳ್ಳಿ. n ≥ 2ಕ್ಕೆ ಇದು ಧನ, ಸೊನ್ನೆಯತ್ತಲೂ ಹೋಗುತ್ತದೆ. ಆದರೆ a₃ ಸುಮಾರು 0.244, a₄ 0.75, ಹೀಗೆ ಏರಿಳಿತ ಮುಂದುವರಿಯುತ್ತಲೇ ಇರುತ್ತದೆ. ಇದನ್ನು (−1)ⁿನಿಂದ ಗುಣಿಸಿ ಕೂಡಿದರೆ Σ(−1)ⁿ/√n ಮತ್ತು Σ1/n ಎಂಬ ಎರಡು ಭಾಗಗಳು ಬರುತ್ತವೆ. ಮೊದಲನೆಯದು ಕನ್ವರ್ಜ್ ಆಗುತ್ತದೆ. ಎರಡನೆಯದು ಮಿತಿಯಿಲ್ಲದೆ ಬೆಳೆಯುವ ಹಾರ್ಮೋನಿಕ್ ಶ್ರೇಣಿ. ಹಾಗಾಗಿ ಒಟ್ಟು ಶ್ರೇಣಿ ಡೈವರ್ಜ್ ಆಗುತ್ತದೆ.

ಇನ್ನೊಂದು ಮಾತು. ಇಳಿಕೆಯ ಷರತ್ತು ತಪ್ಪಿದ ಮಾತ್ರಕ್ಕೆ ‘ಡೈವರ್ಜ್ ಆಗುತ್ತದೆ’ ಎಂದು ಬರೆಯಬೇಡಿ. ಆ ಟೆಸ್ಟ್ ಅಲ್ಲಿ ನಡೆಯುವುದಿಲ್ಲ, ಅಷ್ಟೇ. ಮೇಲೆ ಮಾಡಿದಂತೆ ಬೇರೆ ದಾರಿಯಿಂದ ಸಾಧಿಸಬೇಕು. aₙ ಸೊನ್ನೆಯತ್ತ ಹೋಗದಿದ್ದರೆ ಮಾತ್ರ ಡೈವರ್ಜ್ ಎಂದು ನೇರವಾಗಿ ಬರೆಯಬಹುದು. ಆಗಲೂ ಕಾರಣವಾಗಿ ಲೈಬ್ನಿಟ್ಸ್ ಹೆಸರು ಹೇಳದೆ, ‘n-ನೆಯ ಪದ ಸೊನ್ನೆಯತ್ತ ಹೋಗುವುದಿಲ್ಲ’ ಎಂದೇ ಬರೆಯಿರಿ.