ಹೊಟ್ಟೆಯೊಳಗಿನ ಮಗುವಿನ ಬೆಳವಣಿಗೆ: ಸ್ಕ್ಯಾನಿಂಗ್ ವರದಿಗಳನ್ನು ಒಂದೇ ಹಾಳೆಗೆ ತರುವ ಕ್ರಮ



ಮನೆಯಲ್ಲಿ ಗರ್ಭಿಣಿ ಇದ್ದರೆ ಹೆರಿಗೆಯಾಗುವುದರೊಳಗೆ ಮೂರು ನಾಲ್ಕು ಸಲವಾದರೂ ಸ್ಕ್ಯಾನಿಂಗ್ ಆಗುತ್ತದೆ. ಒಂದು ವರದಿ ತವರಿನಲ್ಲಿರುತ್ತದೆ, ಒಂದು ಗಂಡನ ಮನೆಯ ಪೆಟ್ಟಿಗೆಯಲ್ಲಿ, ಮತ್ತೊಂದು ಫೋನಿನಲ್ಲಿ ತೆಗೆದ ಚಿತ್ರವಾಗಿ. ಸ್ಕ್ಯಾನ್ ಮಾಡಿದ ಊರೂ ವೈದ್ಯರೂ ಬೇರೆ ಬೇರೆ. ಕೊನೆಗೆ ಹೆರಿಗೆಯ ಆಸ್ಪತ್ರೆಯ ವೈದ್ಯರ ಮುಂದೆ ಬರುವುದು ಬಹುಮಟ್ಟಿಗೆ ಕಟ್ಟಕಡೆಯ ವರದಿ ಒಂದೇ. ಒಂದು ವರದಿಯಿಂದ ಮಗುವಿನ ಅಂದಿನ ಅಳತೆ ತಿಳಿಯುತ್ತದೆ, ಬೆಳವಣಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ಎಲ್ಲ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಹಾಳೆಗೆ ಇಳಿಸಬೇಕು. ಓದುಬರಹ ಬಲ್ಲ ಯಾರೇ ಆಗಲಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂರಿಸಿಕೊಂಡು, ಒಂದು ಸಂಜೆಯಲ್ಲಿ ಇದನ್ನು ಮುಗಿಸಬಹುದು.

ಮೊದಲು ಎಲ್ಲ ವರದಿಗಳನ್ನೂ ಒಂದೆಡೆ ಕಲೆಹಾಕಿ. ಪ್ರತಿಯೊಂದರಲ್ಲೂ ಗರ್ಭಿಣಿಯ ಹೆಸರು, ವಯಸ್ಸು ಮತ್ತು ಸ್ಕ್ಯಾನ್ ಮಾಡಿದ ತಾರೀಖನ್ನು ನೋಡಿ. ಒಂದೇ ಹೆಸರಿನವರು ಅನೇಕರಿರುವುದರಿಂದ ವರದಿ ಅದಲುಬದಲಾಗುವುದುಂಟು. ಕಪ್ಪು ಚಿತ್ರದ ಹಾಳೆ ಕಾಲಕ್ರಮೇಣ ಮಾಸಿಹೋಗುತ್ತದೆ. ನಮಗೆ ಬೇಕಾದುದು ಅಕ್ಷರ, ಅಂಕಿಗಳಿರುವ ಹಾಳೆ. ಅವನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪ್ರತಿ ವರದಿಯಲ್ಲೂ ಗರ್ಭಕ್ಕೆ ಎಷ್ಟು ವಾರ ಎಂದು ಬರೆದು, ಹೆರಿಗೆಯ ಅಂದಾಜು ತಾರೀಖನ್ನೂ (ಇ.ಡಿ.ಡಿ.) ಕೊಟ್ಟಿರುತ್ತಾರೆ. ಈ ತಾರೀಖು ವರದಿಯಿಂದ ವರದಿಗೆ ಬದಲಾಗುತ್ತಿರುತ್ತದೆ. ಕಾರಣವಿಷ್ಟೆ: ಯಂತ್ರವು ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಗಳನ್ನು ಅಳೆದು, ಇಷ್ಟು ದೊಡ್ಡ ಮಗುವಿಗೆ ಸಾಮಾನ್ಯವಾಗಿ ಎಷ್ಟು ವಾರವಾಗಿರುತ್ತದೆ ಎಂದು ಲೆಕ್ಕ ಹಾಕುತ್ತದೆ. ಮಗು ಸಣ್ಣದಾಗಿದ್ದರೆ ವಾರ ಕಡಿಮೆ ಬೀಳುತ್ತದೆ, ಹೆರಿಗೆಯ ತಾರೀಖು ಮುಂದಕ್ಕೆ ಹೋಗುತ್ತದೆ.

ಜುಲೈ ತಿಂಗಳಲ್ಲಿ ಬಿತ್ತಿದ ರಾಗಿ ಸೆಪ್ಟೆಂಬರಿನಲ್ಲಿ ಗಿಡ್ಡವಾಗಿದ್ದರೆ ನಾವು ಏನು ಮಾಡುತ್ತೇವೆ? ಆಗಸ್ಟಿನಲ್ಲಿ ಬಿತ್ತಿದ್ದೆಂದು ಪುಸ್ತಕ ತಿದ್ದುವುದಿಲ್ಲ. ಬಿತ್ತನೆಯ ತಾರೀಖನ್ನು ಹಾಗೆಯೇ ಇಟ್ಟು, ಪೈರು ಏಕೆ ಏಳಲಿಲ್ಲವೆಂದು ವಿಚಾರಿಸುತ್ತೇವೆ. ಗರ್ಭದ ಲೆಕ್ಕವೂ ಹಾಗೆಯೇ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುವುದರಿಂದ ಆಗಿನ ಸ್ಕ್ಯಾನ್ ಕೊಡುವ ತಾರೀಖು ಕೆಲವೇ ದಿನಗಳಷ್ಟು ಹಿಂದುಮುಂದಾಗಬಹುದು. ಆ ತಾರೀಖನ್ನೂ ಕಡೆಯ ಮುಟ್ಟಿನ ತಾರೀಖನ್ನೂ ನೋಡಿ ವೈದ್ಯರು ಒಮ್ಮೆ ಗೊತ್ತುಮಾಡಿ ತಾಯಿ ಕಾರ್ಡಿನಲ್ಲಿ ಬರೆದ ಮೇಲೆ, ಮುಂದಿನ ಎಲ್ಲ ಲೆಕ್ಕವೂ ಅದರಿಂದಲೇ ನಡೆಯತಕ್ಕದ್ದು.

ಒಂದು ಉದಾಹರಣೆ ನೋಡೋಣ. ಒಬ್ಬ ಗರ್ಭಿಣಿಗೆ 2025ರ ಜನವರಿ 10ರಂದು ಮೊದಲ ಸ್ಕ್ಯಾನ್ ಆಯಿತು. ಅಂದಿಗೆ 12 ವಾರ 1 ದಿನ. ಹೆರಿಗೆಯ ಅಂದಾಜು ಜುಲೈ 24. ಅಂದು ಶುಕ್ರವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೊಂದು ವಾರದಂತೆ ಕೂಡುತ್ತಾ ಹೋದರೆ ಮಿಕ್ಕ ಸ್ಕ್ಯಾನ್‌ಗಳ ನಿಜವಾದ ವಾರ ಸಿಗುತ್ತದೆ. ಹಾಳೆ ಹೀಗಾಗುತ್ತದೆ:

| ಸ್ಕ್ಯಾನ್ ತಾರೀಖು | ಮೊದಲ ಸ್ಕ್ಯಾನಿನ ಲೆಕ್ಕದ ವಾರ | ವರದಿ ಹೇಳುವ ವಾರ | ವರದಿಯ ಹೆರಿಗೆ ತಾರೀಖು | ತೂಕದ ಅಂದಾಜು | ನೀರು |
|---|---|---|---|---|---|
| ಜನವರಿ 10 | 12 ವಾರ 1 ದಿನ | 12 ವಾರ 1 ದಿನ | ಜುಲೈ 24 | – | – |
| ಮಾರ್ಚ್ 7 | 20 ವಾರ 1 ದಿನ | 20 ವಾರ 2 ದಿನ | ಜುಲೈ 23 | 340 ಗ್ರಾಂ | ಒಂದು ಗುಂಡಿ 5 ಸೆಂ.ಮೀ. |
| ಮೇ 23 | 31 ವಾರ 1 ದಿನ | 30 ವಾರ 2 ದಿನ | ಜುಲೈ 30 | 1,480 ಗ್ರಾಂ | ಎ.ಎಫ್.ಐ. 11 ಸೆಂ.ಮೀ. |
| ಜೂನ್ 13 | 34 ವಾರ 1 ದಿನ | 32 ವಾರ | ಆಗಸ್ಟ್ 8 | 1,800 ಗ್ರಾಂ | ಎ.ಎಫ್.ಐ. 6.5 ಸೆಂ.ಮೀ. |

ಕಡೆಯ ವರದಿಯನ್ನು ಮಾತ್ರ ಓದಿದವರಿಗೆ ತೋರುವುದು ಇಷ್ಟು: 32 ವಾರದ ಮಗು, ತೂಕ ವಾರಕ್ಕೆ ತಕ್ಕಂತೆ, ನೀರು ಸಾಕಷ್ಟು, ಹೆರಿಗೆಗೆ ಇನ್ನೂ 8 ವಾರ. ಮನೆಯವರು ನಿಶ್ಚಿಂತರಾಗುತ್ತಾರೆ. ಹಾಳೆ ಬೇರೆ ಮಾತು ಹೇಳುತ್ತದೆ. ಮಗುವಿಗೆ ಆಗಿರುವುದು 34 ವಾರ. ಆ ವಯಸ್ಸಿಗೆ ಸಾಮಾನ್ಯ ತೂಕ ಸುಮಾರು 2,300 ಗ್ರಾಂ. ಈ ತಿಂಗಳುಗಳಲ್ಲಿ ಮಗು ವಾರಕ್ಕೆ ಸುಮಾರು 200 ಗ್ರಾಂ ಕೂಡಬೇಕು. ಇಲ್ಲಿ ಮೇ 23ರಿಂದ ಮೂರು ವಾರದಲ್ಲಿ ಕೂಡಿರುವುದು 320 ಗ್ರಾಂ ಮಾತ್ರ, ಅಂದರೆ ವಾರಕ್ಕೆ 107 ಗ್ರಾಂ. ಅದೇ ಅವಧಿಯಲ್ಲಿ ನೀರು 11ರಿಂದ 6.5ಕ್ಕೆ ಇಳಿದಿದೆ. ಬೆಳವಣಿಗೆಯೂ ನೀರೂ ಒಟ್ಟಿಗೆ ತಗ್ಗಿದರೆ, ಮಾಸಿನ ಮೂಲಕ ಮಗುವಿಗೆ ರಕ್ತ ಸಾಲದೆ ಹೋಗುತ್ತಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಗೆ ಹೇಳುತ್ತಾರೆ. ಆಗಸ್ಟ್ 8ನ್ನು ನಂಬಿ ಕಾದಿದ್ದರೆ ಈ ಪರೀಕ್ಷೆಯ ಕಾಲವೇ ತಪ್ಪಿಹೋಗುತ್ತಿತ್ತು.

ನೀರಿನ ಅಂಕಿಯಲ್ಲಿ ಒಂದು ಎಚ್ಚರಿಕೆ ಬೇಕು. ಮಗುವಿನ ಸುತ್ತಲಿನ ನೀರನ್ನು ಎರಡು ವಿಧವಾಗಿ ಅಳೆಯುತ್ತಾರೆ. ಗರ್ಭಕೋಶವನ್ನು ನಾಲ್ಕು ಭಾಗವಾಗಿ ಎಣಿಸಿ, ಒಂದೊಂದು ಭಾಗದ ಆಳವಾದ ನೀರಿನ ಗುಂಡಿಯನ್ನು ಅಳೆದು ಕೂಡಿದರೆ ಎ.ಎಫ್.ಐ.; ಅದು 5ಕ್ಕಿಂತ ಇಳಿಯಬಾರದು, 24ನ್ನು ಮೀರಬಾರದು. ಅತ್ಯಂತ ಆಳವಾದ ಒಂದೇ ಗುಂಡಿಯನ್ನು ಅಳೆಯುವುದು ಎರಡನೆಯ ವಿಧ. ಅದು 2ರಿಂದ 8ರ ನಡುವೆ ಇರಬೇಕು. ಮೇಲಿನ ಹಾಳೆಯಲ್ಲಿ ಮಾರ್ಚಿಯ 5ನ್ನೂ ಮೇ ತಿಂಗಳ 11ನ್ನೂ ಹೋಲಿಸಿ ನೀರು ಹೆಚ್ಚಿತೆನ್ನುವುದು ಸೇರನ್ನೂ ಕಿಲೋವನ್ನೂ ಕೂಡಿದಂತೆ. ಆದುದರಿಂದ ಅಂಕಿಯ ಜೊತೆಗೆ ಯಾವ ಅಳತೆಯೆಂಬುದನ್ನೂ ತಪ್ಪದೆ ಬರೆಯಿರಿ. ವರದಿಯಲ್ಲಿ ಅಂಕಿಯಿಲ್ಲದೆ ‘ಸಾಕಷ್ಟಿದೆ’ ಎಂದಿದ್ದರೆ ಹಾಗೆಯೇ ಬರೆಯಿರಿ. ನೀವಾಗಿ ಅಂಕಿ ಹಾಕಬೇಡಿ.

ಈ ಹಾಳೆಗೂ ಮಿತಿಯುಂಟು. ತೂಕವು ತಕ್ಕಡಿಯಲ್ಲಿ ತೂಗಿದ್ದಲ್ಲ, ಅಳತೆಯಿಂದ ಲೆಕ್ಕ ಹಾಕಿದ್ದು. ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುಕಡಿಮೆ ಇರಬಹುದು. ಹಾಗಾಗಿ ಎರಡು ವಾರಕ್ಕಿಂತ ಹತ್ತಿರದ ಸ್ಕ್ಯಾನ್‌ಗಳ ತೂಕವನ್ನು ಹೋಲಿಸಿ ಬೆಳವಣಿಗೆ ನಿಂತಿತೆಂದು ಹೇಳಲಾಗದು. ತಂದೆತಾಯಿ ಸಣ್ಣ ಮೈಕಟ್ಟಿನವರಾದರೆ ಆರೋಗ್ಯವಂತ ಮಗುವೂ ಸಣ್ಣದಿರಬಹುದು. ಮೊದಲ ಸ್ಕ್ಯಾನ್ ಏಳನೆಯ ತಿಂಗಳಲ್ಲಿ ಆಗಿದ್ದರೆ ಅದರ ತಾರೀಖು ಭದ್ರವಲ್ಲ. ‘ಮೊದಲ ಸ್ಕ್ಯಾನ್ ತಡವಾಗಿದೆ’ ಎಂದು ಹಾಳೆಯ ತಲೆಯ ಮೇಲೆಯೇ ಬರೆಯಿರಿ. ಇವನ್ನೆಲ್ಲ ತೂಗಿನೋಡಿ ನಿರ್ಧರಿಸುವವರು ವೈದ್ಯರು. ಅಂಕಿಗಳನ್ನು ಸರಿಯಾಗಿ ಸಾಲಿಗೆ ತಂದುಕೊಡುವುದಷ್ಟೇ ನಮ್ಮ ಕೆಲಸ.

ಹಾಳೆಯಲ್ಲಿ ಮಗು ಗಂಡೋ ಹೆಣ್ಣೋ ಎಂಬುದಕ್ಕೆ ಸ್ಥಳವಿಲ್ಲ. ಅದನ್ನು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

ಬರೆದ ಹಾಳೆಯನ್ನು ತಾಯಿ ಕಾರ್ಡಿನೊಳಗೆ ಇಟ್ಟು, ಮೂಲ ವರದಿಗಳನ್ನು ಅದೇ ಕ್ರಮದಲ್ಲಿ ಅದರ ಹಿಂದೆ ಪಿನ್ ಮಾಡಿ. ವಾರ ಎರಡು ವಿಧವಾಗಿ ಬಂದಿರುವ ಕಡೆ ಕೆಂಪು ಗೆರೆ ಎಳೆದು ವೈದ್ಯರಿಗೆ ತೋರಿಸಿ, ‘ಯಾವ ತಾರೀಖಿನ ಲೆಕ್ಕ ಹಿಡಿಯಬೇಕು?’ ಎಂದು ಕೇಳಿ. ಆದರೆ ಮಗುವಿನ ಹೊರಳಾಟ ಕಡಿಮೆಯಾದರೆ, ನೀರು ಸೋರಿದರೆ ಅಥವಾ ರಕ್ತ ಕಂಡರೆ ಹಾಳೆಗಾಗಿ ಕಾಯಬೇಡಿ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಿ. ತಾಯಿ ಕಾರ್ಡು ಕೈಯಲ್ಲಿರಲಿ.