ಸೋರುವ ನಲ್ಲಿಗೊಂದು ಅರ್ಜಿ

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಹಾಸ್ಟೆಲ್‌ನ ಬಹುತೇಕ ನಲ್ಲಿಗಳು ಹಾಗೂ ಫ್ಲಶ್ ಟ್ಯಾಂಕ್‌ಗಳು ಕೆಟ್ಟಿದ್ದು, ಆದಷ್ಟು ಬೇಗ ದುರಸ್ತಿ ಮಾಡಿಸಿಕೊಡಬೇಕಾಗಿ ಕೋರಿಕೆ.’

ವಾರ್ಡನ್‌ಗಳು ಬರೆಯುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಆಡಳಿತ ಮಂಡಳಿಯ ಕಚೇರಿಯಲ್ಲಿ ಅದಕ್ಕೆ ಆವಕ ಸಂಖ್ಯೆ ಬೀಳುತ್ತದೆ, ಫೈಲಿಗೆ ಸೇರುತ್ತದೆ, ಅಲ್ಲೇ ಮಲಗುತ್ತದೆ. ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ‘ಬಹುತೇಕ’ ಎಂದರೆ ಎಷ್ಟು? ವಾಷರ್ ಬದಲಿಸಿದರೆ ಸಾಕೋ, ಹೊಸ ನಲ್ಲಿಯೇ ಬೇಕೋ? ಇದು ತಿಳಿಯದೆ ಎಷ್ಟು ಹಣಕ್ಕೆ ಮಂಜೂರಾತಿ ಕೇಳಬೇಕು ಎನ್ನುವುದು ಅವರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಪತ್ರದ ಕೆಲಸ ಮೇಜಿನ ಮುಂದಲ್ಲ, ಬಚ್ಚಲಿನಲ್ಲಿ ಶುರುವಾಗಬೇಕು. ಮೂರು ಅಂತಸ್ತಿನ ಒಂದು ಹುಡುಗಿಯರ ಹಾಸ್ಟೆಲ್ ಎಂದಿಟ್ಟುಕೊಳ್ಳೋಣ. ವಾರ್ಡನ್ ಕೈಯಲ್ಲಿ ಒಂದು ಲೀಟರಿನ ಮಗ್, ಗಡಿಯಾರ, ನೋಟ್‌ಬುಕ್. ನೆಲ ಅಂತಸ್ತಿನ ಒಂದು ನಲ್ಲಿಗೆ ಹುಡುಗಿಯರು ಹಳೆಯ ಬಟ್ಟೆ ಬಿಗಿದಿದ್ದಾರೆ. ಅದನ್ನು ಬಿಚ್ಚಿ ಮಗ್ ಇಟ್ಟರೆ 20 ನಿಮಿಷಕ್ಕೆ ತುಂಬುತ್ತದೆ. ಗಂಟೆಗೆ 3 ಲೀಟರ್, ದಿನಕ್ಕೆ 72. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಭಾರತೀಯ ಮಾನಕದ ಲೆಕ್ಕ. ಅಂದರೆ ಒಬ್ಬ ಹುಡುಗಿಯ ಪಾಲಿನ ಅರ್ಧಕ್ಕಿಂತ ಹೆಚ್ಚು ನೀರು ಈ ಒಂದೇ ನಲ್ಲಿಯಿಂದ ಮೋರಿಗೆ ಹೋಗುತ್ತಿದೆ.

ಎಲ್ಲಿ ಸೋರುತ್ತಿದೆ ಎಂಬುದನ್ನೂ ಬರೆದುಕೊಳ್ಳಬೇಕು. ಹಳೆಯ ಮಾದರಿಯ, ನಾಲ್ಕೈದು ಸುತ್ತು ತಿರುಗಿಸುವ ನಲ್ಲಿಯ ಬಾಯಲ್ಲಿ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಅದು ಚಿಲ್ಲರೆ ಖರ್ಚು. ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿನ ಪ್ಯಾಕಿಂಗ್ ಹೋಗಿದೆ. ಕಾಲು ಸುತ್ತಿಗೆ ತೆರೆಯುವ ಈಗಿನ ನಲ್ಲಿಗಳಲ್ಲಿ ಇಂಥ ವಾಷರ್ ಇರುವುದೇ ಇಲ್ಲ, ಒಳಗಿನ ಕಾರ್ಟ್ರಿಡ್ಜನ್ನೇ ಬದಲಿಸಬೇಕು. ಬೋರ್‌ವೆಲ್‌ನ ಗಡಸು ನೀರಾದರೆ ಬಿಳಿ ಹೊಪ್ಪಳೆ ಕಟ್ಟಿ ಎರಡೂ ಬೇಗ ಹಾಳಾಗುತ್ತವೆ.

ಫ್ಲಶ್ ಟ್ಯಾಂಕಿನ ಸೋರಿಕೆ ಇದಕ್ಕಿಂತ ಕಳ್ಳ. ನೆಲ ಒದ್ದೆಯಾಗುವುದಿಲ್ಲ, ನೀರು ಕಮೋಡಿನ ಗೋಡೆಗುಂಟ ಸದ್ದಿಲ್ಲದೆ ಇಳಿಯುತ್ತದೆ. ರಾತ್ರಿ ಯಾರೂ ಬಳಸದಿದ್ದರೂ ಟ್ಯಾಂಕ್ ಆಗಾಗ ‘ಸುಯ್’ ಎಂದು ತುಂಬಿಕೊಳ್ಳುವುದೇ ಅದರ ಗುರುತು. ದೆವ್ವದ ಕಾಟ ಎಂದು ಹುಡುಗಿಯರು ತಮಾಷೆ ಮಾಡುವುದು ಇದನ್ನೇ.

ಪರೀಕ್ಷೆ ಸುಲಭ. ಟ್ಯಾಂಕಿನ ಮುಚ್ಚಳ ತೆಗೆದು ಮೊದಲು ನೀರಿನ ಮಟ್ಟ ನೋಡಬೇಕು. ನೀರು ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿ ಮುಟ್ಟಿ ಅದರೊಳಗೆ ಇಳಿಯುತ್ತಿದ್ದರೆ ತಪ್ಪು ಮೇಲಿನದು: ತೇಲುಗುಂಡಿನ ವಾಲ್ವ್ ನೀರನ್ನು ನಿಲ್ಲಿಸುತ್ತಿಲ್ಲ. ಮಟ್ಟ ಸರಿಯಿದ್ದರೆ ಅಡುಗೆಯ ಬಣ್ಣವನ್ನು ಚಿಟಿಕೆ ಹಾಕಿ, ಫ್ಲಶ್ ಮಾಡದೆ ಹದಿನೈದು ನಿಮಿಷ ಬಿಡಬೇಕು. ಕಮೋಡಿನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ಸೀಲ್ ಹೋಗಿದೆ. ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಕಾಯಬೇಕು. 10 ಲೀಟರಿನ ಹಳೆಯ ಟ್ಯಾಂಕ್ ಒಂದು ಗಂಟೆಯಲ್ಲಿ ಅರ್ಧ ಖಾಲಿಯಾದರೆ ದಿನಕ್ಕೆ ಸುಮಾರು 120 ಲೀಟರ್ ಹೋದಂತೆ. ತೊಟ್ಟಿಕ್ಕುವ ನಲ್ಲಿಗೆ ಹತ್ತು ದೂರು ಬಂದರೆ ಇದಕ್ಕೆ ಒಂದೂ ಬರುವುದಿಲ್ಲ.

ಇಷ್ಟಾದ ಮೇಲೆ ಪತ್ರ ಬರೆಯುವುದು ಕಷ್ಟವಲ್ಲ. ‘ಮಾನ್ಯರೇ, ನೆಲ ಅಂತಸ್ತಿನ 2ನೇ ಸ್ನಾನದ ಕೋಣೆಯ ನಲ್ಲಿ: ಬಾಯಲ್ಲಿ ಸೋರಿಕೆ, ದಿನಕ್ಕೆ 72 ಲೀಟರ್, ವಾಷರ್ ಬೇಕು. ಮೊದಲ ಮಹಡಿಯ 1 ಮತ್ತು 4ನೇ ಶೌಚಾಲಯ: ಟ್ಯಾಂಕಿನ ತಳದ ಸೀಲ್ ಸೋರಿಕೆ, ದಿನಕ್ಕೆ ತಲಾ ಸುಮಾರು 120 ಲೀಟರ್. ಎರಡನೇ ಮಹಡಿಯ 3ನೇ ಶೌಚಾಲಯ: ಫ್ಲಶ್ ಗುಂಡಿ ಮುರಿದಿದೆ, ವಿದ್ಯಾರ್ಥಿನಿಯರು ಬಕೆಟ್ಟಿನಲ್ಲಿ ನೀರು ಹೊತ್ತು ಸುರಿಯುತ್ತಿದ್ದಾರೆ, ಇದನ್ನು ಮೊದಲು ಸರಿಪಡಿಸಬೇಕಾಗಿ ವಿನಂತಿ.’ ಜೊತೆಗೆ ಪ್ಲಂಬರ್ ಕೊಟ್ಟ ದರಪಟ್ಟಿ. ಕೆಟ್ಟ ಬಿಡಿಭಾಗದ ಫೋಟೊವನ್ನೂ ಲಗತ್ತಿಸಿದರೆ ಒಳ್ಳೆಯದು. ಎಲ್ಲ ಕಂಪನಿಯ ಸೀಲ್ ಎಲ್ಲ ಟ್ಯಾಂಕಿಗೂ ಕೂರುವುದಿಲ್ಲ, ತಪ್ಪು ಅಳತೆಯದು ಬಂದರೆ ಮತ್ತೆ ಒಂದು ವಾರ ಹೋಗುತ್ತದೆ. ಹಳೆಯ ಮಾದರಿಯ ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದರೆ ಮಾತ್ರ ಇಡೀ ಟ್ಯಾಂಕ್ ಬದಲಿಸುವ ಮಾತು.

ಪತ್ರದ ಎರಡನೇ ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳುವುದು ರೂಢಿ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಮುಂದಿನ ಪತ್ರದ ‘ಉಲ್ಲೇಖ’ದಲ್ಲಿ ಆ ದಿನಾಂಕ, ಆವಕ ಸಂಖ್ಯೆ ಬರೆಯಬಹುದು, ಅಷ್ಟರಲ್ಲಿ ಹರಿದುಹೋದ ನೀರನ್ನೂ. ಮೇಲಿನ ಒಂದು ನಲ್ಲಿ, ಎರಡು ಟ್ಯಾಂಕ್ ಸೇರಿ ದಿನಕ್ಕೆ 312 ಲೀಟರ್; ಹದಿನಾಲ್ಕು ದಿನಕ್ಕೆ 4,368.

ಪ್ಲಂಬರ್ ಬಂದು ಹೋದ ದಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ವಾರ್ಡನ್ ಮತ್ತೊಮ್ಮೆ ಮಗ್, ಬಣ್ಣ ಹಿಡಿದು ಮಹಡಿ ಹತ್ತಬೇಕು. ಹೊಸ ಸೀಲ್ ವಾರೆಯಾಗಿ ಕೂತಿದ್ದರೆ ಹದಿನೈದು ನಿಮಿಷದಲ್ಲಿ ಕಮೋಡಿನಲ್ಲಿ ಮತ್ತೆ ಬಣ್ಣ ಕಾಣುತ್ತದೆ. ಆಗ ಪ್ಲಂಬರ್ ಇನ್ನೂ ಗೇಟಿನ ಬಳಿಯೇ ಇರುತ್ತಾನೆ.